ತೊಂಬತ್ತನಾಲ್ಕು ಅರ್ಜಿ, ಇಪ್ಪತ್ತೆರಡು ಅರ್ಜಿ

"ಒಂದು ತಿಂಗಳಿಗೆ ಎಷ್ಟು ಕಡೆ ಅಪ್ಲೈ ಮಾಡ್ಬೇಕು ಅಕ್ಕಾ?" ಅಂತ ಬದಿಯಡ್ಕದ ಹುಡುಗಿಯೊಬ್ಬಳು ಮೊನ್ನೆ ಇನ್‌ಬಾಕ್ಸಿಗೆ ಬಂದು ಕೇಳಿದಳು. ಅವಳಿಗೆ ಕೊಟ್ಟ ಉತ್ತರ ಬೆಳೀತಾ ಹೋಯ್ತು. ಅದಕ್ಕೆ ಇಲ್ಲೇ ಹಾಕ್ತಿದ್ದೇನೆ.

ನಾನು ಕುಂಬಳೆಯವಳು. ಬಿ.ಕಾಂ. ಮಾಡಿ ಆರು ವರ್ಷ ಕಾಸರಗೋಡಿನ ಒಂದು ಅಂಗಡಿಯ ಲೆಕ್ಕ ನೋಡಿದೆ. ಕಳೆದ ವರ್ಷ ಮಂಗಳೂರಿನಲ್ಲಿ ಕೆಲಸ ಹುಡುಕಲು ಹೊರಟಾಗ ತಮ್ಮನ ಉಪದೇಶ ಶುರುವಾಯಿತು. "ಎಷ್ಟು ಕಲ್ಲು ಹೊಡೀತೀಯೋ ಅಷ್ಟು ಮಾವಿನಕಾಯಿ." ಸರಿ ಅಂತ ಜುಲೈ ತಿಂಗಳಲ್ಲಿ ದಿನಾ ರಾತ್ರಿ ಊಟ ಆದ ಮೇಲೆ ಫೋನ್ ಹಿಡಿದು ಕೂತೆ. ಅಕೌಂಟ್ಸ್ ಅಂತ ಕಂಡಲ್ಲೆಲ್ಲ ಒತ್ತಿದೆ. ತಿಂಗಳ ಕೊನೆಗೆ 94 ಅರ್ಜಿ.

ಬಂದ ಫೋನು ಏಳು. ಅದರಲ್ಲಿ ನಾಲ್ಕು ಹೆಸರಿಗೆ ಅಕೌಂಟ್ಸ್, ಒಳಗೆ ಟಾರ್ಗೆಟ್ ಇರುವ ಮಾರಾಟದ ಕೆಲಸ. ಒಂದು ಬೆಂಗಳೂರಿನದು, ಆ ಸಂಬಳ ಅಲ್ಲಿನ ಪಿಜಿಗೂ ಊಟಕ್ಕೂ ಮುಗಿದುಹೋಗುತ್ತಿತ್ತು. ಇನ್ನೊಂದು ಕೊಚ್ಚಿಯದು, ಪತ್ರ ವ್ಯವಹಾರವೆಲ್ಲ ಮಲಯಾಳದಲ್ಲಿ. ನಾನು ಕನ್ನಡ ಮೀಡಿಯಂನವಳು. ಮಲಯಾಳ ಮಾತಾಡ್ತೇನೆ, ಬಸ್ಸಿನ ಬೋರ್ಡೂ ಓದ್ತೇನೆ, ಆದರೆ ಪತ್ರ ಬರೆಯುವಷ್ಟು ಬರೋದಿಲ್ಲ. ನಮ್ಮ ಗಡಿಯವರಲ್ಲಿ ಎಷ್ಟೋ ಜನರ ಕತೆ ಇದೇ ಅಲ್ವಾ? ಒಟ್ಟಿನಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದೇ ಫೋನು. ಅದರಲ್ಲಿ ಅವರು ಮಾತಾಡುವಾಗ ಇದು ಯಾವ ಕಂಪನಿ ಅಂತ ನನಗೇ ನೆನಪಿರಲಿಲ್ಲ. ಎರಡೇ ನಿಮಿಷಕ್ಕೆ ಅವರಿಗೆ ಗೊತ್ತಾಗಿಬಿಟ್ಟಿತು.

ಆಗಸ್ಟ್‌ನಲ್ಲಿ ಕ್ರಮ ಬದಲಾಯಿಸಿದೆ. ಇಡೀ ತಿಂಗಳಿಗೆ 22 ಅರ್ಜಿ, ಒಂದೊಂದಕ್ಕೆ ಮುಕ್ಕಾಲು ಗಂಟೆ. ಲೆಕ್ಕದವಳಾದ ಕಾರಣ ಹೊತ್ತನ್ನೂ ಲೆಕ್ಕ ಹಾಕಿದೆ. ಜುಲೈಯಲ್ಲಿ ಅರ್ಜಿಗೆ ಹತ್ತು ನಿಮಿಷದಂತೆ ಹದಿನೈದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು, ಆಗಸ್ಟ್‌ನಲ್ಲಿ ಹದಿನಾರೂವರೆ ಗಂಟೆ. ಹೆಚ್ಚುಕಮ್ಮಿ ಒಂದೇ ಶ್ರಮ. ಆದರೆ ಬಂದ ಫೋನು ನಾಲ್ಕೇ. ಬರೀ ಫೋನು ಎಣಿಸಿದರೆ ತಮ್ಮ ಹೇಳಿದ್ದೇ ಸರಿ, ಏಳರ ಮುಂದೆ ನಾಲ್ಕು ಕಮ್ಮಿ. ವ್ಯತ್ಯಾಸ ಏನು ಅಂದರೆ ಆ ನಾಲ್ಕೂ ನಾನು ಮಾಡಬಲ್ಲ ಕೆಲಸಗಳು.

ಆ ಮುಕ್ಕಾಲು ಗಂಟೆಯಲ್ಲಿ ರೆಸ್ಯೂಮೆಗೆ ಅಲಂಕಾರ ಮಾಡ್ತಾ ಕೂತಿರಲಿಲ್ಲ. ಮೊದಲ ಕಾಲು ಗಂಟೆ ಆ ಕೆಲಸದ ವಿವರ ಓದುವುದಕ್ಕೇ ಹೋಗುತ್ತಿತ್ತು. ಅವರು ಕೇಳಿದ ಆರು ಕೆಲಸಗಳಲ್ಲಿ ನಾಲ್ಕನ್ನಾದರೂ ನಾನು ಕೈಯಾರೆ ಮಾಡಿದ್ದೇನಾ? ಇಲ್ಲದಿದ್ದರೆ ಅಲ್ಲಿಗೇ ಬಿಟ್ಟೆ. ಉಳಿದವುಗಳಿಗೆ ಮೇಲಿನ ಮೂರ್ನಾಲ್ಕು ಸಾಲು ಮಾತ್ರ ಬದಲಾಯಿಸುತ್ತಿದ್ದೆ. ಮೊದಲು "ಜಿಎಸ್‌ಟಿ ಜ್ಞಾನ ಇದೆ" ಅಂತ ಇತ್ತು. ಅದನ್ನು ತೆಗೆದು "ತಿಂಗಳಿಗೆ ಸುಮಾರು 400 ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, ಸಿಗದ ಬಿಲ್ಲಿಗೆ ಸಪ್ಲೈಯರ್‌ಗೆ ಫೋನ್ ಮಾಡಿ ಸರಿ ಮಾಡಿಸುತ್ತೇನೆ" ಅಂತ ಬರೆದೆ. ಈ ಕೆಲಸ ಮಾಡಿದವರಿಗೆ ಗೊತ್ತು, ತಲೆನೋವಿರುವುದು ಅಲ್ಲೇ. ಸಪ್ಲೈಯರ್ ರಿಟರ್ನ್ ಹಾಕದಿದ್ದರೆ ಬಿಲ್ಲು 2ಬಿ ಪಟ್ಟಿಯಲ್ಲಿ ಕಾಣುವುದಿಲ್ಲ, ಖರೀದಿಗೆ ಕೊಟ್ಟ ತೆರಿಗೆಯ ಕ್ರೆಡಿಟ್ ನಮಗೆ ಸಿಗುವುದಿಲ್ಲ. ಸಂದರ್ಶನದಲ್ಲಿ ಮೂರರಲ್ಲಿ ಎರಡು ಕಡೆ ಈ ಸಾಲನ್ನೇ ಹಿಡಿದು ಪ್ರಶ್ನೆ ಕೇಳಿದರು.

ಒಂದು ಮಾತು ಮುಚ್ಚಿಡಬಾರದು. ಮಂಗಳೂರಿನಲ್ಲಿ ಎಚ್‌ಆರ್ ಆಗಿರುವ ಗೆಳತಿ ನನ್ನ ನೌಕ್ರಿ ಪ್ರೊಫೈಲ್ ನೋಡಿ ಬೈದಿದ್ದಳು. "ಊರು ಕಾಸರಗೋಡು ಅಂತ ಮಾತ್ರ ಹಾಕಿದ್ದಿ. ಮಂಗಳೂರು ಅಂತ ಹುಡುಕುವವರಿಗೆ ನೀನು ಹೇಗೆ ಕಾಣಬೇಕು ಮಾರಾಯ್ತಿ?" ಬಯಸುವ ಜಾಗಕ್ಕೆ ಮಂಗಳೂರು ಸೇರಿಸಿದ್ದು, ನೋಟಿಸ್ ಅವಧಿ 30 ದಿನ ಅಂತ ತುಂಬಿದ್ದು ಎರಡೂ ಆಗಸ್ಟ್ ಮೊದಲ ವಾರದಲ್ಲೇ. ಹಾಗಾಗಿ ಎಲ್ಲವೂ ಆರಿಸಿ ಹಾಕಿದ್ದರ ಫಲ ಅಂತ ನಾನು ಹೇಳೋದಿಲ್ಲ.

ಹಾಗಾದರೆ ಐದೇ ಅರ್ಜಿ, ಆದರೆ ಅದ್ಭುತವಾಗಿ? ಅದೂ ಬೇಡ. ಚೆನ್ನಾಗಿ ಹೊಂದುವ ಆರು ಕಡೆ ಹಾಕಿದರೆ ಸರಾಸರಿ ಒಂದು ಫೋನು ಬರುತ್ತದೆ ಅಂತ ಇಟ್ಟುಕೊಳ್ಳಿ. ಐದೇ ಹಾಕಿದರೆ ಒಂದೂ ಫೋನು ಬಾರದೇ ಇರುವ ಸಂಭವ ನೂರಕ್ಕೆ ನಲ್ವತ್ತು. ನಿಮ್ಮ ತಪ್ಪು ಏನೂ ಇಲ್ಲದೆ! ಇಪ್ಪತ್ತು ಹಾಕಿದರೆ ಅದು ನೂರಕ್ಕೆ ಎರಡು ಮೂರಕ್ಕೆ ಇಳಿಯುತ್ತದೆ. ಅಂದರೆ ಐದು ಹಾಕಿ ಮೌನ ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಇಪ್ಪತ್ತು ಹಾಕಿಯೂ ಮೌನವಾದರೆ ಮಾತ್ರ ರೆಸ್ಯೂಮೆಯಲ್ಲೋ, ಪ್ರೊಫೈಲ್‌ನಲ್ಲೋ, ಆರಿಸುವುದರಲ್ಲೋ ಏನೋ ಎಡವಟ್ಟಾಗಿದೆ. ಆಗ ಇಪ್ಪತ್ತೊಂದನೆಯದನ್ನು ಕಳಿಸುವ ಮೊದಲು ಅದನ್ನು ಹುಡುಕಬೇಕು.

ಮೇಲಿನ ಮಿತಿ ಹಾಕಿದ್ದು ನನ್ನ ರಜೆ. ಕೆಲಸದಲ್ಲಿದ್ದುಕೊಂಡೇ ಹುಡುಕುವವರಿಗೆ ಇದೇ ದೊಡ್ಡ ಸಂಗತಿ. ಕಾಸರಗೋಡಿನಿಂದ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ, ಕಾದು, ಮಾತಾಡಿ ಬಂದರೆ ಅರ್ಧ ದಿನ ಹೋಯಿತು. ತಿಂಗಳಿಗೆ ನಾಲ್ಕು ಅರ್ಧ ದಿನಕ್ಕಿಂತ ಹೆಚ್ಚು ರಜೆ ಕೇಳಿದರೆ ಧಣಿಗೆ ಸಂಶಯ ಬರುತ್ತದೆ. ಅದಕ್ಕೇ ಮಾತುಕತೆ ನಡೆಯುತ್ತಿರುವ ಕಂಪನಿಗಳು ಒಂದು ಸಲಕ್ಕೆ ಮೂರು ಸಾಕು ಅಂತ ಗೆರೆ ಎಳೆದೆ. ಕಳಿಸಿ ಸುಮ್ಮನಿರುವ ಅರ್ಜಿ ಈ ಮೂರರಲ್ಲಿ ಸೇರುವುದಿಲ್ಲ. ಅದು ಎಷ್ಟಿದ್ದರೂ ಭಾರವಲ್ಲ.

ಇಲ್ಲೇ ಒಂದು ತಪ್ಪೂ ಮಾಡಿದೆ. ಮೊದಲ ವಾರ ಹತ್ತು, ಎರಡನೇ ವಾರ ಎಂಟು ಕಳಿಸಿದ್ದೆ. ಹದಿನೈದನೇ ತಾರೀಕಿಗೆ ಮೂರು ಕಡೆ ಮಾತು ಶುರುವಾಗಿತ್ತು. ಖುಷಿಯಲ್ಲಿ ಮೂರನೇ ವಾರ ಒಂದೂ ಕಳಿಸಲಿಲ್ಲ. ಅದೇ ವಾರ ಒಂದು ಕಡೆ ಒಳಗಿನವರನ್ನೇ ತೆಗೆದುಕೊಂಡರು, ಇನ್ನೊಂದು ಕಡೆ ಸದ್ದೇ ಇಲ್ಲ. ಉಳಿದದ್ದು ಒಂದೇ. ಈಗ ಹೊಸದಾಗಿ ಕಳಿಸಿದರೂ ಉತ್ತರ ಬರಲು ವಾರ, ಹತ್ತು ದಿನ ಬೇಕಲ್ಲ. ಮೂರು ಕೈಯಲ್ಲಿದ್ದರೂ ವಾರಕ್ಕೆ ಎರಡಾದರೂ ಕಳಿಸುತ್ತಿರಬೇಕಿತ್ತು.

ಇನ್ನೊಂದು, ನಮ್ಮ ಕಸುಬಿನವರಿಗೆ ಮಾತ್ರ. ಜಿಎಸ್‌ಟಿಆರ್-1 ಹಾಕಲು ಕೊನೆಯ ತಾರೀಕು 11, 3ಬಿಗೆ 20. ತಿಂಗಳು ತಿಂಗಳು ರಿಟರ್ನ್ ಹಾಕುವ ಕಡೆಗಳಲ್ಲಿ 18ರಿಂದ 20ರವರೆಗೆ ಅಕೌಂಟ್ಸ್ ಮುಖ್ಯಸ್ಥರು ಯಾರ ಅರ್ಜಿಯನ್ನೂ ತೆರೆದು ನೋಡುವ ಸ್ಥಿತಿಯಲ್ಲಿರುವುದಿಲ್ಲ. ಆ ದಿನಗಳ ಮೌನವನ್ನು ಲೆಕ್ಕಕ್ಕೆ ಹಿಡಿಯಬೇಡಿ. 21ರಂದು ನಾನು ಕೊನೆಯ ನಾಲ್ಕು ಅರ್ಜಿ ಕಳಿಸಿದೆ, ಎರಡೇ ದಿನಕ್ಕೆ ಒಂದು ಕಡೆಯಿಂದ ಫೋನು ಬಂತು.

ಕೊನೆಗೆ ಹೀಗಾಯಿತು. 26ಕ್ಕೆ ಹಳೆಯದೊಂದು ಕಡೆಯಿಂದ ಆಫರ್ ಬಂತು, ಮೂರು ದಿನದಲ್ಲಿ ಉತ್ತರ ಹೇಳಿ ಅಂದರು. ಈ ಹೊಸ ಕಂಪನಿಯ ಸಂದರ್ಶನ ಇದ್ದದ್ದು 31ಕ್ಕೆ. ಹೆದರುತ್ತಲೇ ಫೋನ್ ಮಾಡಿ, "ಸರ್, ಬೇರೆ ಕಡೆ 29ರ ಒಳಗೆ ಹೇಳಬೇಕಾಗಿದೆ, ನನಗೆ ನಿಮ್ಮಲ್ಲಿಯ ಕೆಲಸ ಹೆಚ್ಚು ಹೊಂದುತ್ತದೆ, ಸ್ವಲ್ಪ ಮೊದಲೇ ಆಗಬಹುದಾ?" ಅಂತ ಕೇಳಿದೆ. 28ಕ್ಕೆ ಬರಹೇಳಿದರು. ಮರುದಿನ ಬೆಳಿಗ್ಗೆಯೇ ಆಫರ್. ಸಂಬಳ ಮೊದಲನೆಯದಕ್ಕಿಂತ ಒಂದು ಸಾವಿರ ಕಮ್ಮಿ. ಆದರೆ ಕೆಲಸ ನನಗೆ ಗೊತ್ತಿರುವುದು, ಆಫೀಸು ಸೆಂಟ್ರಲ್ ಸ್ಟೇಷನ್ನಿಂದ ನಡೆಯುವಷ್ಟು ಹತ್ತಿರ. ಕುಂಬಳೆಯಲ್ಲಿ ರೈಲು ಹತ್ತಿದರೆ ಆಯಿತು.

94 ಕಳಿಸಿದ್ದ ಜುಲೈಯಲ್ಲಿ ಇಂಥ ಫೋನು ಮಾಡುವ ಧೈರ್ಯ ನನಗೆ ಬರುತ್ತಿರಲಿಲ್ಲ. ಯಾರಿಗೆ ಮಾಡಬೇಕು ಅಂತಲೇ ಗೊತ್ತಿರಲಿಲ್ಲ ಆಗ.