ಹೋಟೆಲ್, ಯೂನಿಫಾರ್ಮ್, ಲಿಮಾ, ಇಂಡಿಯಾ

ಚಿಕ್ಕಮಗಳೂರಿನ ಒಂದು ಕಾಲ್ ಸೆಂಟರ್. ಮನೆಗೆ ದಿನಸಿ ತಲುಪಿಸುವವರ ದೂರುಗಳೆಲ್ಲ ಬಂದು ಬೀಳುವುದು ಇಲ್ಲಿಗೆ. ಮೂಡಿಗೆರೆ ಕಡೆಯ ಅಜ್ಜಿಯೊಬ್ಬರ ಹುಣಸೆ ಹುಳಿಯ ಬಾಟಲಿ ದಾರಿಯಲ್ಲೇ ಒಡೆದಿತ್ತು. ಕರೆ ತೆಗೆದುಕೊಂಡ ಸತೀಶ ಅಜ್ಜಿಯನ್ನು ಹೋಲ್ಡ್‌ನಲ್ಲಿಟ್ಟು ಮೇಲಿನ ಡೆಸ್ಕಿನ ಸುಮಾಗೆ ಲೈನ್ ಕೊಟ್ಟ.

"ಮೇಡಂ, ಕಸ್ಟಮರ್ ಮನೆ ಜಗಲಿ ಮೇಲೆ ಹುಲಿ."

ಸತೀಶನ ನಾಲಿಗೆ ಮೇಲಕ್ಕೆ ಮಡಚುವ ಜಾತಿಯದಲ್ಲ. ಅವನ ಬಾಯಲ್ಲಿ ಬಳೆಯೂ ಬಲೆ, ಹಳ್ಳಿಯೂ ಹಲ್ಲಿ. ಬೇರೆ ಊರಾಗಿದ್ದರೆ ಸುಮಾ ನಕ್ಕು ಸುಮ್ಮನಾಗುತ್ತಿದ್ದಳೋ ಏನೋ. ಪಕ್ಕದಲ್ಲೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಇರುವ ಜಿಲ್ಲೆಯಲ್ಲಿ ನಗುವುದು ಹೇಗೆ?

"ಹುಲಿನಾ? ಸ್ಪೆಲ್ ಮಾಡಿ."

ಸಂಶಯ ಬಂದರೆ ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಅದರಿಂದ ಶುರುವಾಗುವ ಒಂದು ಪದ ಹೇಳಿಸಿ ಖಚಿತ ಮಾಡಿಕೊಳ್ಳಬೇಕೆಂಬುದು ಅಲ್ಲಿನ ನಿಯಮ. ಸತೀಶ ಒಪ್ಪಿಸಿದ: "ಹೋಟೆಲ್, ಯೂನಿಫಾರ್ಮ್, ಲಿಮಾ, ಇಂಡಿಯಾ." ಸುಮಾ ತಿರುಗಿ ಓದಿದಳು. ತಾಳೆಯಾಯಿತು. ಹುಲಿಗೂ ಅದೇ ಲಿಮಾ, ಹುಳಿಗೂ ಅದೇ ಲಿಮಾ. ತಾಳೆಯಾಗದೆ ಏನು ಮಾಡೀತು! 'ಮಳೆಯ ಳ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಿಯಮದ ಪ್ರಕಾರ ಅಕ್ಷರ ಪದದ ಮೊದಲಲ್ಲೇ ಇರಬೇಕು, ಕನ್ನಡದಲ್ಲೋ ಳಕಾರದಿಂದ ಶುರುವಾಗುವ ಪದವೇ ಇಲ್ಲ.

ಸುಮಾ ಲೈನಿಗೆ ಬಂದಳು. "ಅಮ್ಮಾ, ಗಾಬರಿಯಾಗಬೇಡಿ. ಬಾಗಿಲು ಹಾಕ್ಕೊಂಡು ಒಳಗೇ ಇರಿ."

"ಬಾಗ್ಲು ಹಾಕ್ಕೊಂಡ್ರೆ ಒರೆಸೋರು ಯಾರವ್ವಾ?"

"ಹತ್ತಿರ ಹೋಗಬೇಡಿ ಅಮ್ಮಾ!"

"ಆಗ್ಲೇ ನೆಕ್ಕಿ ನೋಡ್ದೆ. ಚೆನ್ನಾಗೇ ಇತ್ತು, ಹಾಳಾಯ್ತು."

ಮರುದಿನ ತನಿಖೆ. ರೆಕಾರ್ಡಿಂಗ್ ಕೇಳಿದ ಗುಣಮಟ್ಟದವರು ಇಬ್ಬರಿಗೂ ನೂರಕ್ಕೆ ನೂರು ಕೊಟ್ಟರು, ಸ್ಪೆಲಿಂಗ್ ಸರಿಯಿತ್ತಲ್ಲ. ತಪ್ಪು ಹೆಡ್‌ಸೆಟ್ಟಿನ ತಲೆಗೆ ಬಂತು. ಪಾಪದ್ದು! ಹಳೆಯ ಫೋನ್ ಲೈನು ಕೂಡ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನು ದಾಟಿಸುತ್ತದೆ. ಲ-ಳ ಬೇರೆಯಾಗಿ ಕೇಳಿಸಲು ಅಷ್ಟು ಸಾಕು. ಸತೀಶನ ಬಾಯಿಂದಲೇ ಹೊರಡದ ಳವನ್ನು ಯಾವ ಹೆಡ್‌ಸೆಟ್ ಹುಡುಕಿ ತರಬೇಕು?

ಟೈಪಿಂಗ್ ಬಲ್ಲವರೊಬ್ಬರು ದಾರಿ ತೋರಿಸಿದರು: ಲಕಾರಕ್ಕೆ ಸಣ್ಣ l, ಳಕಾರಕ್ಕೆ ದೊಡ್ಡ L. ಕನ್ನಡವನ್ನು ಇಂಗ್ಲಿಷ್ ಕೀಲಿಗಳಲ್ಲಿ ಬರೆಯುವವರು ಬಹುಕಾಲದಿಂದ ಮಾಡುತ್ತಿರುವುದೂ ಅದನ್ನೇ. ಸುತ್ತೋಲೆ ಹೊರಟಿತು, ಎಲ್ಲರೂ ಸಹಿ ಹಾಕಿದರು. ದೂರಿನ ತಂತ್ರಾಂಶ ಏನು ಬರೆದರೂ ದೊಡ್ಡಕ್ಷರಕ್ಕೆ ತಿರುಗಿಸುತ್ತದೆಂಬುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಆ ವಾರವೇ ಕಾಡಂಚಿನ ತೋಟದಿಂದ ಕರೆ: ಕಣದ ಹತ್ತಿರ ಹುಲಿ ಬಂದಿದೆ, ಡೆಲಿವರಿ ಹುಡುಗನನ್ನು ಕಳಿಸಬೇಡಿ. ಸತೀಶ ಈ ಸಲ ಸರಿಯಾಗಿಯೇ ಹೇಳಿದ, ಸರಿಯಾಗಿಯೇ ಸಣ್ಣ l ಒತ್ತಿದ. ಸುಮಾಳ ಪರದೆಯ ಮೇಲೆ HULI ಎಂದು ಮೂಡಿತು. ಅವಳು ಸುತ್ತೋಲೆ ತೆಗೆದು ನೋಡಿ, ಗ್ರಾಹಕರಿಗೆ ಉತ್ತರ ಕಳಿಸಿದಳು: "ಒದ್ದೆ ಬಟ್ಟೆಯಲ್ಲಿ ಒರೆಸಿ, ಫೋಟೋ ತೆಗೆದು ಕಳಿಸಿ. ಬದಲಿ ಹುಳಿ ನಾಳೆ ತಲುಪುತ್ತದೆ."