ಉಬ್ಬಿದ್ದು ನಾನೊಬ್ಬನೇ

ಕಳೆದ ಭಾನುವಾರ ಬೆಳಿಗ್ಗೆಯೇ ಹೆಂಡತಿ ತವರಿಗೆ ಹೊರಟಳು. ಅವಳು ಬಸ್ ಹತ್ತಿರಬೇಕು ಅಷ್ಟೇ, ಅಕ್ಕನ ಫೋನು. 'ನಿಮ್ಮ ಭಾವ, ಮಕ್ಕಳು ಎಲ್ಲ ಸೇರಿ ತಿಂಡಿಗೆ ನಿಮ್ಮನೆಗೇ ಬರ್ತೀವಿ ಕಣೋ.' ಫ್ರಿಜ್ಜಿನಲ್ಲಿ ಸಾಗು ಇತ್ತು. 'ಬನ್ನಿ, ಬಿಸಿಬಿಸಿ ಪೂರಿ ಮಾಡಿಡ್ತೀನಿ' ಅಂದೆ. 'ನೀನಾ? ಭಲೇ!' ಅಂದಳು ಅಕ್ಕ. ನಾನು ಉಬ್ಬಿಹೋದೆ. ಆ ಬೆಳಿಗ್ಗೆ ತುಂಬಾ ಹೊತ್ತಿನವರೆಗೆ ನಮ್ಮ ಮನೆಯಲ್ಲಿ ಉಬ್ಬಿದ್ದು ನಾನೊಬ್ಬನೇ.

ಪೂರಿ ಅಂದರೆ ಎಣ್ಣೆಗೆ ಬಿದ್ದ ಚಪಾತಿ ಅಂತಲೇ ನಾನು ತಿಳಿದಿದ್ದೆ. ಎರಡು ಲೋಟ ಗೋಧಿ ಹಿಟ್ಟಿಗೆ ಮುಕ್ಕಾಲು ಲೋಟ ನೀರು ಸುರಿದು ಮೆತ್ತಗೆ ಕಲಸಿದೆ. ಲಟ್ಟಣಿಗೆಗೆ ಅಂಟಿತು. ಒಣ ಹಿಟ್ಟು ಉದುರಿಸಿದೆ. ಬಾಣಲೆಗೆ ಬಿಟ್ಟರೆ ಪೂರಿ ತಳ ಸೇರಿ ಮಲಗಿಬಿಟ್ಟಿತು. ಬಹಳ ಹೊತ್ತಾದ ಮೇಲೆ ಎದ್ದು ಬಂತು, ಚಪ್ಪಟೆಯಾಗಿ. ಜಾಲರಿ ಸೌಟಿನಲ್ಲಿ ಎತ್ತಿ ಮಡಚಿದೆ. ಬಟ್ಟೆ ಹಿಂಡಿದ ಹಾಗೆ ಎಣ್ಣೆ ಸುರಿಯಿತು.

ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ದೊಡ್ಡಮ್ಮ ಎದ್ದು ಬಂದರು. ಹಿಟ್ಟಿಗೆ ಬೆರಳು ಒತ್ತಿದರು. ಬೆರಳು ಸಲೀಸಾಗಿ ಒಳಗೆ ಹೋಯಿತು.

'ನಿನ್ನ ಕಿವಿ ಮುಟ್ಟಿಕೋ' ಅಂದರು.

ಶಿಕ್ಷೆ ಅಂದುಕೊಂಡು ಕಿವಿ ಹಿಡಿದೆ.

'ಹಾಲೆ ಮೆತ್ತಗಿದೆ ಅಲ್ವಾ, ಅದು ಚಪಾತಿ ಹಿಟ್ಟು. ಈಗ ಮೂಗಿನ ತುದಿ ಒತ್ತು. ಗಟ್ಟಿ ಇದೆ, ಆದರೂ ಬಗ್ಗುತ್ತೆ. ಅದು ಪೂರಿ ಹಿಟ್ಟು.'

ಎರಡು ಲೋಟ ಹಿಟ್ಟಿಗೆ ಅರ್ಧ ಲೋಟ ನೀರು ದಾಟಿದ ಮೇಲೆ ಚಮಚದ ಲೆಕ್ಕದಲ್ಲಿ ಚಿಮುಕಿಸಬೇಕಂತೆ. ನೀರು ಜಾಸ್ತಿ ಇದ್ದಷ್ಟೂ, ಅದು ಆವಿಯಾಗಿ ಹೋದ ಜಾಗಕ್ಕೆ ಎಣ್ಣೆ ಬಂದು ಕೂರುತ್ತದೆ. ನನ್ನ ಹಿಟ್ಟಿಗೆ ಇನ್ನೂ ಮುಕ್ಕಾಲು ಲೋಟ ಹಿಟ್ಟು, ಎರಡು ಚಮಚ ಚಿರೋಟಿ ರವೆ ಸೇರಿಸಿ ನಾದಿಸಿದರು. ರವೆ ಇದ್ದರೆ ಪೂರಿಯ ಮೇಲ್ಪದರ ಸ್ವಲ್ಪ ಬಿಗಿಯಾಗಿ, ಉಬ್ಬಿದ್ದು ಬೇಗ ಕುಸಿಯುವುದಿಲ್ಲ. ಐದು ನಿಮಿಷ ನಾದುವಷ್ಟರಲ್ಲಿ ನನ್ನ ಭುಜ ಬಿದ್ದುಹೋಯಿತು. ಹತ್ತೇ ನಿಮಿಷ ಮುಚ್ಚಿಟ್ಟೆವು. ಗಂಟೆಗಟ್ಟಲೆ ಬಿಟ್ಟರೆ ಮತ್ತೆ ಸಡಿಲವಾಗುತ್ತದೆ.

ಒಣ ಹಿಟ್ಟಿನ ಡಬ್ಬಿಯನ್ನು ದೊಡ್ಡಮ್ಮ ಕಸಿದುಕೊಂಡರು. ಉದುರಿದ ಹಿಟ್ಟೆಲ್ಲ ಬಾಣಲೆಯ ತಳದಲ್ಲಿ ಕರಿ ಇರುವೆಗಳ ಹಾಗೆ ಕೂತಿತ್ತು. ಅಂಟಿದರೆ ಉಂಡೆಗೆ ತೊಟ್ಟು ಎಣ್ಣೆ ಸವರಬೇಕು, ಅಷ್ಟೇ.

ಈ ಸಲ ಎಣ್ಣೆ ಆರಿರಬಾರದು ಅಂತ ಗ್ಯಾಸ್ ಪೂರ್ತಿ ತಿರುಗಿಸಿದೆ. ಹೊಗೆ ಬಂತು. ಪೂರಿ ಬಿಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಕಂದು ಬಣ್ಣ, ಮೈತುಂಬ ಗುಳ್ಳೆ, ಒಳಗೆ ಹಸಿ ಹಿಟ್ಟು.

'ಎಣ್ಣೇನ ಕೇಳಿ ಬಿಡಬೇಕು ಕಣೋ' ಅಂದರು ದೊಡ್ಡಮ್ಮ. ಉರಿ ತಗ್ಗಿಸಿ, ಹೊಗೆ ಹೋದ ಮೇಲೆ ಕಡಲೆಕಾಳಿನಷ್ಟು ಹಿಟ್ಟು ಹಾಕಿದರು. ಅದು ಮುಳುಗಿತು, ಸುತ್ತ ಸಣ್ಣ ಗುಳ್ಳೆ ಕಟ್ಟಿಕೊಂಡು ತಕ್ಷಣ ಮೇಲೆ ಬಂತು, ಬಣ್ಣ ಬದಲಾಗಲಿಲ್ಲ. ಇದೇ ಹದ. ತಳದಲ್ಲೇ ಕೂತರೆ ಇನ್ನೂ ಕಾಯಬೇಕು. ಬಿದ್ದ ಕೂಡಲೇ ಕೆಂಪಾದರೆ ಉರಿ ಇಳಿಸಬೇಕು.

ಕಾದ ಎಣ್ಣೆಯಲ್ಲಿ ಹಿಟ್ಟಿನೊಳಗಿನ ನೀರು ಆವಿಯಾಗುವ ಹೊತ್ತಿಗೆ ಹೊರಗಿನ ಪದರವೂ ಗಟ್ಟಿಯಾಗಿರುತ್ತದೆ. ಆವಿಗೆ ದಾರಿ ಸಿಗದೆ ಪೂರಿ ಉಬ್ಬುತ್ತದೆ. ಎಣ್ಣೆ ತಣ್ಣಗಿದ್ದರೆ ಆವಿ ನಿಧಾನವಾಗಿ ಸೋರಿಹೋಗುತ್ತದೆ. ಲಟ್ಟಿಸುವಾಗ ಎಲ್ಲೋ ಹರಿದಿದ್ದರೂ ಕಥೆ ಅದೇ. ಪಾಪ, ಸೈಕಲ್ ಟ್ಯೂಬಿನ ಪಾಡು.

ಬಾಣಲೆಯ ಅಂಚಿನಿಂದ ಪೂರಿ ಜಾರಿಸಿದೆ. ಮೇಲೆದ್ದಿತು. ಸೌಟಿನ ಬೆನ್ನಿನಿಂದ ಮೆಲ್ಲಗೆ ಒತ್ತಿದೆ. ಒಂದು ಮೂಲೆಯಲ್ಲಿ ಗೋಲಿಯಷ್ಟು ಗುಳ್ಳೆ ಎದ್ದಿತು. ಅದು ಹರಿದಾಡಿ ಪಕ್ಕದ ಗುಳ್ಳೆಯ ಜೊತೆ ಸೇರಿಕೊಂಡಿತು. ಆಮೇಲೆ ಇಡೀ ಪೂರಿ, ಮುನಿಸಿಕೊಂಡ ಮಗುವಿನ ಕೆನ್ನೆಯ ಹಾಗೆ, ದಪ್ಪಗೆ ಊದಿತು! ಒಮ್ಮೆ ತಿರುವಿ ಹಾಕಿ, ಎಣ್ಣೆಯ ಸದ್ದು ಕಡಿಮೆಯಾದಾಗ ತೆಗೆದೆ. ಹುಮ್ಮಸ್ಸಿನಲ್ಲಿ ಒಟ್ಟಿಗೆ ಮೂರು ಬಿಟ್ಟೆ. ಎಣ್ಣೆ ಆರಿ ಮೂರೂ ಮಲಗಿದವು. ಮತ್ತೆ ಒಂದೊಂದೇ ಬಿಟ್ಟೆ, ನಡುವೆ ಎಣ್ಣೆ ಕಾಯಲು ಒಂದೆರಡು ಉಸಿರಿನಷ್ಟು ಬಿಡುವು. ಬೆಂದವನ್ನು ಒಂದರ ಮೇಲೊಂದು ಪೇರಿಸದೆ ಪಾತ್ರೆಯ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಎಣ್ಣೆಯೂ ಇಳಿಯುತ್ತದೆ, ಬೆವರಿ ಮೆತ್ತಗೂ ಆಗುವುದಿಲ್ಲ.

ಬಾಗಿಲ ಗಂಟೆ ಹೊಡೆಯಿತು. ಭಾವ ನನ್ನ ಮುಖವನ್ನೇ ನೋಡುತ್ತಾ ನಿಂತರು. ಕಿವಿ, ಮೂಗು ಎರಡಕ್ಕೂ ಹಿಟ್ಟು ಮೆತ್ತಿತ್ತು.

'ಏನಪ್ಪಾ ಇದು?'

'ಒಂದು ಚಪಾತಿ, ಇನ್ನೊಂದು ಪೂರಿ ಭಾವ' ಅಂದೆ.

ಹಿಂದೆಯೇ ಅಡುಗೆಮನೆಯಿಂದ ಅಕ್ಕನ ಸಣ್ಣ ಮಗನ ಅಳು ಕೇಳಿತು. ಪೂರಿಗೆ ಬೆರಳು ಚುಚ್ಚಿದ್ದನಂತೆ. 'ಮಾಮಾ, ಇದು ಪಂಚರ್ ಆಯ್ತು, ಬೇರೆ ಕೊಡು!'