ಗೇಮ್ ಲಾಗಿನ್ ಆಗ್ತಿಲ್ಲ ಅಂತ ಪಾಸ್‌ವರ್ಡ್‌ಗೆ ಕೈ ಹಾಕ್ಬೇಡಿ, ಮೊದ್ಲು ಇದನ್ನ ಓದಿ

ಹೋದ ತಿಂಗಳು ಒಂದು ಶನಿವಾರ ಸಂಜೆ ಮೈಸೂರಿಂದ ಅಕ್ಕನ ಮಗ ಫೋನ್ ಮಾಡ್ದ. "ಮಾಮಾ, ನನ್ ಅಕೌಂಟ್ ಹೋಯ್ತು, ಯಾರೋ ಹ್ಯಾಕ್ ಮಾಡಿದಾರೆ" ಅಂತ, ಅಳೋದೊಂದು ಬಾಕಿ. ಅವನ ಹತ್ರ ಇರೋದು ಪಿಎಸ್ 5, ಅಂದ್ರೆ ಟಿವಿಗೆ ಹಾಕಿ ಆಡೋ ಪ್ಲೇಸ್ಟೇಷನ್ ಗೇಮ್ ಕನ್ಸೋಲ್. ಆನ್‌ಲೈನ್ ಫುಟ್‌ಬಾಲ್ ಗೇಮ್ ಒಂದನ್ನ ಓಪನ್ ಮಾಡಿದಾಗ ನಿಮ್ಮ ಅಕೌಂಟ್‌ಗೆ ಕನೆಕ್ಟ್ ಆಗೋಕಾಗ್ತಿಲ್ಲ ಅಂತ ಬಂದಿದೆ. ಅಷ್ಟೇ ನಡೆದಿದ್ದು. ಆದ್ರೆ ನಂಗೆ ಫೋನ್ ಬರೋ ಹೊತ್ತಿಗೆ ಅವನು ಪಾಸ್‌ವರ್ಡ್ ರೀಸೆಟ್ ಮಾಡಿ ಆಗಿತ್ತು, ಕನ್ಸೋಲ್‌ನಲ್ಲಿ ಸೈನ್ ಔಟ್ ಕೂಡ ಮಾಡಿ ಆಗಿತ್ತು, ಈಗ ಮತ್ತೆ ಒಳಗೆ ಹೋಗೋಣ ಅಂದ್ರೆ ಕೋಡ್ ಕೇಳ್ತಿದೆ, ಆ ಕೋಡ್ ಹೋಗ್ತಿರೋದು ಅಕ್ಕನ ಹಳೇ ನಂಬರ್‌ಗೆ, ಆ ಸಿಮ್ ರೀಚಾರ್ಜ್ ಮಾಡದೆ ಬಂದ್ ಆಗಿ ವರ್ಷದ ಮೇಲಾಗಿದೆ.

ಗೇಮ್ ಶುರುವಾಗದೇ ಇದ್ದಿದ್ದು ಗೇಮ್ ಸರ್ವರ್ ಡೌನ್ ಆಗಿದ್ದಕ್ಕೆ. ಮುಕ್ಕಾಲು ಗಂಟೇಲಿ ಎಲ್ಲರಿಗೂ ವಾಪಸ್ ಬಂತು. ಇವನಿಗೆ ಮಾತ್ರ ಬರ್ಲಿಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಇಲ್ಲದ ಅಕೌಂಟ್ ಪ್ರಾಬ್ಲಂ ಒಂದನ್ನ ತಾನೇ ಮಾಡ್ಕೊಂಡು ಕೂತಿದ್ದ. ಇದನ್ನ ನೋಡಿ ನಿಜಕ್ಕೂ ಬೇಜಾರಾಯ್ತು, ಎಷ್ಟು ಮನೇಲಿ ಮಕ್ಕಳು ಹಿಂಗೇ ಮಾಡ್ಕೊಳ್ತಿರ್ತಾರೋ ಅಂತ, ಅದಕ್ಕೇ ಬರೀತಿದೀನಿ.

ಮೊದ್ಲು ಒಂದು ವಿಷ್ಯ ತಿಳ್ಕೊಳ್ಬೇಕು. ಕನ್ಸೋಲ್‌ನಲ್ಲಿ ಲಾಗಿನ್ ಅನ್ನೋದು ಒಂದೇ ಬಾಗಿಲಲ್ಲ. ಮನೆ ಇಂಟರ್ನೆಟ್ ಒಂದು, ಅದರ ಮೇಲೆ ಕನ್ಸೋಲ್ ಕಂಪನಿಯ ನೆಟ್‌ವರ್ಕ್, ಪ್ಲೇಸ್ಟೇಷನ್ ಆದ್ರೆ ಪಿಎಸ್‌ಎನ್, ಅದರ ಮೇಲೆ ಆ ಗೇಮ್ ಮಾಡಿದವರದ್ದೇ ಬೇರೆ ಸರ್ವರ್, ಎಷ್ಟೋ ಸಲ ಬೇರೆ ಅಕೌಂಟ್ ಕೂಡ. ಮೂರರಲ್ಲಿ ಯಾವುದು ಮುಚ್ಚಿದ್ರೂ ಟಿವಿ ಮೇಲೆ ಬರೋ ಮೆಸೇಜ್ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಓದಿದವರಿಗೆ ನನ್ನ ಅಕೌಂಟೇ ಕೆಟ್ಟೋಯ್ತು ಅನ್ನಿಸತ್ತೆ.

ಹಾಗಾಗಿ ನಾನು ಎಲ್ಲದಕ್ಕಿಂತ ಮೊದ್ಲು ಕೇಳೋದು, ಅದೇ ಕನ್ಸೋಲ್‌ನಲ್ಲಿ ಬೇರೆ ಯಾರದ್ದಾದ್ರೂ ಯೂಸರ್ ಇದ್ಯಾ? ಇವರ ಮನೇಲಿ ಭಾವಂದು ಇತ್ತು. ಅದರಲ್ಲಿ ಹೋಗಿ ನೋಡು ಅಂದೆ. ಭಾವನ ಯೂಸರ್‌ನಲ್ಲಿ ಸ್ಟೋರ್ ಆರಾಮಾಗಿ ಓಪನ್ ಆಯ್ತು, ಆದ್ರೆ ಅದೇ ಫುಟ್‌ಬಾಲ್ ಗೇಮ್ ಹಾಕಿದ್ರೆ ಅದೇ ಎರರ್. ಅಲ್ಲಿಗೆ ಅರ್ಧ ಉತ್ತರ ಸಿಕ್ತು: ಮನೆ ನೆಟ್ ಸರಿ ಇದೆ, ಪಿಎಸ್‌ಎನ್ ಸರಿ ಇದೆ, ಗೇಮ್‌ನವರ ಕಡೆ ಏನೋ ಆಗಿದೆ. ಎರಡು ನಿಮಿಷದ ಕೆಲಸ. ಇದನ್ನ ಪಾಸ್‌ವರ್ಡ್ ಮುಟ್ಟೋ ಮುಂಚೆ ಮಾಡಿದ್ರೆ ಅವನು ಊಟ ಮುಗಿಸಿ ಬಂದು ಆಡ್ತಿದ್ದ.

ಬೇರೆ ಯೂಸರ್ ಇಲ್ಲ ಅಂದ್ರೆ ಫೋನ್ ಬ್ರೌಸರ್‌ನಲ್ಲಿ ನಿಮ್ಮ ಅಕೌಂಟ್‌ಗೆ ಸೈನ್ ಇನ್ ಆಗಿ ನೋಡಿ. ಅಲ್ಲಿ ಹಳೇ ಪಾಸ್‌ವರ್ಡಲ್ಲೇ ಒಳಗೆ ಹೋದ್ರಿ ಅಂದ್ರೆ ಅಕೌಂಟ್ ಜೀವಂತ ಇದೆ, ತೊಂದರೆ ಬೇರೆ ಕಡೆ. ಪಾಸ್‌ವರ್ಡ್ ತಪ್ಪು ಅಂತ ಸ್ಪಷ್ಟವಾಗಿ ಹೇಳಿದ್ರೆ, ಅಥವಾ ನೀವು ಮಾಡದೇ ಇರೋ ಬದಲಾವಣೆ ಬಗ್ಗೆ ಮೇಲ್ ಬಂದಿದ್ರೆ, ಆಗ ಮಾತ್ರ ಅದು ನಿಮ್ಮ ಅಕೌಂಟ್ ವಿಷ್ಯ. ಪೇಜೇ ಲೋಡ್ ಆಗದೆ ಏನೋ ತಪ್ಪಾಗಿದೆ ಅಂತ ಮಾತ್ರ ಬರ್ತಿದ್ರೆ ಸರ್ವರ್ ಕಡೆಗೇ ಡೌಟ್ ಪಡಿ.

ಪಿಎಸ್ 5 ನಲ್ಲಿ `Settings > Network > Connection Status` ಒಳಗೆ ಪಿಎಸ್‌ಎನ್ ಸ್ಟೇಟಸ್ ಸಿಗತ್ತೆ, ಫೋನ್‌ನಲ್ಲಾದ್ರೆ status.playstation.com. ಅಲ್ಲಿ `Account Management` ಅನ್ನೋ ಸಾಲು ನೋಡಿ, ಸೈನ್ ಇನ್‌ಗೆ ಮುಖ್ಯ ಅದೇ. ಆದ್ರೆ ಹಸಿರು ಇದೆ ಅಂತ ಪೂರ್ತಿ ನಂಬ್ಬೇಡಿ, ತೊಂದರೆ ಶುರುವಾಗಿ ಅದು ಅಲ್ಲಿ ಕಾಣಿಸ್ಕೊಳ್ಳೋಕೆ ಸ್ವಲ್ಪ ಹೊತ್ತು ಹಿಡಿಯತ್ತೆ. ಆಮೇಲೆ ಅದು ಪಿಎಸ್‌ಎನ್ ಬಗ್ಗೆ ಮಾತ್ರ ಹೇಳತ್ತೆ, ಗೇಮ್‌ನವರ ಸರ್ವರ್ ಡೌನ್ ಆಗಿದ್ರೆ ಅವರ ಸ್ಟೇಟಸ್ ಪೇಜೇ ಬೇರೆ ನೋಡ್ಬೇಕು.

ಎರರ್ ಕೋಡ್ ಬಂದ್ರೆ ಫೋಟೋ ತೆಗೆದಿಟ್ಕೊಳ್ಳಿ. `WS-37403-7` ಅಂದ್ರೆ ಪಿಎಸ್‌ಎನ್ ಮೇಂಟೆನೆನ್ಸ್‌ನಲ್ಲಿದೆ, ಕಾಯೋದೊಂದೇ ದಾರಿ. `WS-37368-7` ಅಂದ್ರೆ ಅಕೌಂಟನ್ನೇ ಬ್ಯಾನ್ ಮಾಡಿದಾರೆ, ಎಷ್ಟು ದಿನ ಕಾದ್ರೂ ತಾನಾಗೇ ಸರಿಹೋಗಲ್ಲ. `WS-37397-9` ಬಂದ್ರೆ ನಿಮ್ಮ ಐಪಿ ವಿಳಾಸವನ್ನ ತಡೆದಿದಾರೆ ಅಂತ. ನಮ್ಮಲ್ಲಿ ಎಷ್ಟೋ ಇಂಟರ್ನೆಟ್ ಕಂಪನಿಗಳು ಒಂದೇ ಐಪಿಯನ್ನ ತುಂಬಾ ಮನೆಗಳಿಗೆ ಹಂಚ್ತವೆ, ಹಾಗಾಗಿ ಇನ್ಯಾರೋ ಮಾಡಿದ ತಪ್ಪಿಗೆ ನಿಮ್ಮನೆ ಬಾಗಿಲೂ ಮುಚ್ಚಿರಬಹುದು. ಕನ್ಸೋಲನ್ನ ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿ, ಸೈನ್ ಇನ್ ಆಯ್ತು ಅಂದ್ರೆ ಅದೇ ಕಥೆ, ಅಕೌಂಟ್‌ಗೆ ಏನೂ ಆಗಿಲ್ಲ.

ಪಿಎಸ್‌ಎನ್ನೇ ಪೂರ್ತಿ ಬಿದ್ದೋದಾಗ ಏನಾಗತ್ತೆ ಅನ್ನೋದಕ್ಕೆ 2025ರ ಫೆಬ್ರವರಿ ನೆನಪಿಸ್ಕೊಳ್ಳಿ. ನಮ್ಮ ಟೈಮಲ್ಲಿ ಫೆಬ್ರವರಿ 8ರ ಬೆಳಗಿನ ಜಾವ ಶುರುವಾಗಿ ಸುಮಾರು 24 ಗಂಟೆ ಜಗತ್ತಿನಾದ್ಯಂತ ಸೈನ್ ಇನ್ ಇಲ್ಲ, ಇಲ್ಲಿನವರಿಗೆ ಇಡೀ ಶನಿವಾರ ಹೋಯ್ತು. ಆಮೇಲೆ ಕಂಪನಿಯವರು ದುಡ್ಡು ಕಟ್ಟಿ ತಗೊಳ್ಳೋ ಪಿಎಸ್ ಪ್ಲಸ್ ಚಂದಾ ಇದ್ದೋರಿಗೆ 5 ದಿನ ಜಾಸ್ತಿ ಕೊಟ್ರು. ಅಂಥ ದಿನ ಡಿಸ್ಕ್ ಗೇಮ್‌ಗಳನ್ನ ಒಬ್ಬರೇ ಆಡೋದಾದ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಡೌನ್‌ಲೋಡ್ ಮಾಡಿದವಕ್ಕೆ `Console Sharing and Offline Play` ಆನ್ ಆಗಿರ್ಬೇಕು. ಅದು ನಿಮ್ಮ ಕನ್ಸೋಲ್‌ನಲ್ಲಿ ಆನ್ ಇದ್ಯಾ ಅಂತ ಇವತ್ತೇ ನೋಡ್ಕೊಳ್ಳಿ, ಸರ್ವರ್ ಬಿದ್ದ ದಿನ ನೋಡ್ತೀನಿ ಅಂದ್ರೆ ಆಗಲ್ಲ.

2011ರ ಏಪ್ರಿಲ್‌ನಲ್ಲಿ ಮಾತ್ರ ಕಥೆ ಬೇರೆ ಇತ್ತು. ಆಗ ನಿಜವಾಗ್ಲೂ ಹ್ಯಾಕ್ ಆಗಿ ಪಿಎಸ್‌ಎನ್ ಮೂರು ವಾರದ ಮೇಲೆ ಬಂದ್ ಇತ್ತು, ವಾಪಸ್ ಬಂದಾಗ ಪಾಸ್‌ವರ್ಡ್ ಬದಲಾಯಿಸಲೇಬೇಕು ಅಂತ ಕಂಪನಿಯೇ ಹೇಳ್ತು. ಹಾಗೆ ಅವರೇ ಹೇಳಿದ್ರೆ ಖಂಡಿತ ಬದಲಾಯಿಸಿ. ನಾವಾಗೇ ಊಹೆ ಮಾಡ್ಕೊಂಡು ಬದಲಾಯಿಸೋದು ಬೇಡ.

ನಂಗೆ ತುಂಬಾ ಭಯ ಆಗಿದ್ದು ಅಕ್ಕನ ಮಗ ಹೇಳಿದ ಮುಂದಿನ ಮಾತಿಗೆ. "ಯೂಸರ್ ಡಿಲೀಟ್ ಮಾಡಿ ಹೊಸದಾಗಿ ಹಾಕ್ಲಾ ಮಾಮಾ, ಫ್ರೆಂಡ್ ಹೇಳ್ದ" ಅಂದ. ಬೇಡ್ವೇ ಬೇಡ ಅಂದೆ. ಯೂಸರ್ ಡಿಲೀಟ್ ಮಾಡಿದ್ರೆ ಅದರ ಜೊತೆ ಆ ಕನ್ಸೋಲ್‌ನಲ್ಲಿರೋ ಸೇವ್‌ಗಳೂ ಹೋಗ್ತವೆ. ಪಿಎಸ್ 5 ಗೇಮ್‌ಗಳ ಸೇವ್ ಪೆನ್‌ಡ್ರೈವ್‌ಗೆ ಕಾಪಿ ಆಗಲ್ಲ, ಕ್ಲೌಡ್‌ಗೆ ಹೋಗ್ಬೇಕಂದ್ರೆ ಪಿಎಸ್ ಪ್ಲಸ್ ಬೇಕು, ಇವನ ಹತ್ರ ಅದು ಮುಗಿದಿತ್ತು. ಎರಡು ವರ್ಷ ಆಡಿದ್ದೆಲ್ಲಾ ಒಂದು ಬಟನ್‌ಗೆ ಹೋಗ್ತಿತ್ತು.

ಕೊನೆಗೆ ಕಾಪಾಡಿದ್ದು ಬ್ಯಾಕಪ್ ಕೋಡ್. ಪಾಸ್‌ವರ್ಡ್ ಜೊತೆ ಕೋಡ್ ಕೂಡ ಕೇಳೋ ಟು ಸ್ಟೆಪ್ ಆನ್ ಮಾಡಿದಾಗ ಪಿಎಸ್‌ಎನ್ 10 ಕೋಡ್ ಕೊಡತ್ತೆ, ಒಂದೊಂದು ಒಂದೇ ಸಲ ನಡೆಯತ್ತೆ. ಅಕ್ಕನಿಗೆ ಇದ್ಯಾವ್ದೂ ಗೊತ್ತಿಲ್ಲ, ಆದ್ರೆ ಅವತ್ತು ಸ್ಕ್ರೀನ್ ಮೇಲೆ ಬಂದಿದ್ದನ್ನ ಮಗನ ಸ್ಕೂಲ್ ಡೈರಿ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ಲು, "ಗೇಮ್‌ದು" ಅಂತ ಮೇಲೆ ಹೆಡ್ಡಿಂಗ್ ಹಾಕಿ. ಡೈರಿ ಹುಡುಕೋಕೆ ಒಂದೂವರೆ ಗಂಟೆ ಆಯ್ತು. ಎಸ್‌ಎಂಎಸ್ ಬದಲು ಬ್ಯಾಕಪ್ ಕೋಡ್ ಹಾಕೋ ಆಯ್ಕೆ ತಗೊಂಡು ಮೊದಲನೇ ಕೋಡ್ ಹಾಕಿದ, ಒಳಗೆ ಹೋದ. ಅವತ್ತೇ ಹಳೇ ನಂಬರ್ ತೆಗೆಸಿ ಭಾವನ ನಂಬರ್ ಹಾಕಿಸ್ದೆ. ಉಳಿದ 9 ಕೋಡನ್ನ ಅಕ್ಕ ಬೇರೆ ಹಾಳೇಲಿ ಬರೆದು ಬೀರುವಿನಲ್ಲಿ ಗ್ಯಾಸ್ ಬುಕ್ ಜೊತೆ ಇಟ್ಟಿದಾಳೆ.